ಎಲ್‌ಎನ್‌ಎ ಕೇಬಲ್‌ಗೆ ಮೊದಲೋ, ಆಮೇಲೋ? ನಾಯ್ಸ್ ಫಿಗರ್ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದೇನೆ

ಐದನೇ ಸೆಮಿಸ್ಟರ್ ವಿದ್ಯಾರ್ಥಿ:
ಆಂಟೆನಾದಿಂದ ಬರುವ ಕೇಬಲ್‌ನಲ್ಲಿ 3 ಡಿಬಿ ನಷ್ಟ. ಎಲ್‌ಎನ್‌ಎ, ಅಂದರೆ ಕಡಿಮೆ ನಾಯ್ಸ್ ಸೇರಿಸುವ ಆಂಪ್ಲಿಫೈಯರ್, ಅದರ ಗೇನ್ 20 ಡಿಬಿ. ಸಿಗ್ನಲ್-ನಾಯ್ಸ್ ಅನುಪಾತವನ್ನು ಎಷ್ಟು ಕೆಡಿಸುತ್ತದೆ ಅನ್ನುವ ನಾಯ್ಸ್ ಫಿಗರ್ 1 ಡಿಬಿ. ಕೊನೆಗೆ ರಿಸೀವರ್, ನಾಯ್ಸ್ ಫಿಗರ್ 6 ಡಿಬಿ. ಎಲ್‌ಎನ್‌ಎ ಎಲ್ಲಿಟ್ಟರೂ ಒಟ್ಟು ಗೇನ್ ಅಷ್ಟೇ ಅಲ್ವಾ? ಮತ್ತೆ ಜಾಗಕ್ಕೆ ಯಾಕಿಷ್ಟು ಮಹತ್ವ? ಕೇಬಲ್ ಮೊದಲು ಬಂದರೆ ನನಗೆ 2.92 ಬರುತ್ತಿದೆ, ಕೊಟ್ಟಿರುವ ಉತ್ತರ 4.1 ಡಿಬಿ. ಇನ್ನೊಂದು, ಒಟ್ಟು ನಾಯ್ಸ್ ಫಿಗರ್ ಲೆಕ್ಕ ಹಾಕುವ ಫ್ರೀಸ್ ಸೂತ್ರದಲ್ಲಿ ಶಾಟ್ ನಾಯ್ಸ್ ಎಲ್ಲಿದೆ? ಅನುಭವ ಇರುವವರು ಹೇಳಿ.

ಟವರ್ ಕೆಲಸದವರು:
ತಮ್ಮಾ, ಡಿಬಿಯನ್ನು ಹಾಗೇ ಸೂತ್ರಕ್ಕೆ ಹಾಕಿದ್ದೀಯ. ಮೊದಲು ಎಲ್ಲವನ್ನೂ ಅನುಪಾತಕ್ಕೆ ಬದಲಿಸಿಕೋ. 20 ಡಿಬಿ ಅಂದರೆ 100, 1 ಡಿಬಿ ಅಂದರೆ 1.26, 6 ಡಿಬಿ ಅಂದರೆ 4. ಕೇಬಲ್ ಗೇನ್ 0.5. ಕೇಬಲ್ ಬರೀ ತಾಮ್ರ, ಅದರೊಳಗೆ ಟ್ರಾನ್ಸಿಸ್ಟರ್ ಇಲ್ಲ, ನಾಯ್ಸ್ ಹುಟ್ಟುವುದಿಲ್ಲ. ಹಾಗಾಗಿ ಅದರ ನಾಯ್ಸ್ ಫಿಗರ್‌ನ ಅನುಪಾತ F = 1 ಹಾಕು, ಸರಿ ಹೋಗುತ್ತದೆ.

ವಿದ್ಯಾರ್ಥಿ:
ಹಾಕಿದೆ ಅಣ್ಣ. 1.58 ಬಂತು, ಅಂದರೆ 2 ಡಿಬಿ. 4.1 ಇನ್ನೂ ದೂರವೇ ಇದೆ.

ಆರ್‌ಎಫ್ ಲ್ಯಾಬ್‌ನವರು:
ಡಿಬಿ ಬದಲಿಸಬೇಕು ಅಂದಿದ್ದು ಸರಿ. ತಪ್ಪಿದ್ದು ಕೇಬಲ್ ವಿಚಾರದಲ್ಲಿ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಂಟೆನಾ ತೆಗೆದು ಆ ಜಾಗದಲ್ಲಿ 50 ಓಮ್ ರೆಸಿಸ್ಟರ್ ಒಂದನ್ನು ಹಾಕಿ. ಕೋಣೆಯ ಬಿಸಿಗೇ ಅದರೊಳಗಿನ ಎಲೆಕ್ಟ್ರಾನ್‌ಗಳು ಓಲಾಡುತ್ತಿರುತ್ತವೆ. ಅದರಿಂದ ಪ್ರತಿ ಹರ್ಟ್ಜ್‌ಗೆ -174 ಡಿಬಿಎಂ ನಾಯ್ಸ್ ಸಿಗುತ್ತದೆ. ಅದನ್ನು ನಿಮ್ಮ 3 ಡಿಬಿ ಕೇಬಲ್ ಒಳಗೆ ಕಳಿಸಿ. ಅರ್ಧ ನುಂಗಿದ ಮೇಲೆ ಆ ತುದಿಯಲ್ಲಿ -177 ಇರಬೇಕು ಅನಿಸುತ್ತದೆ. ಆದರೆ ಅಲ್ಲೂ -174 ಇರುತ್ತದೆ! ಆ ತುದಿಯಿಂದ ನೋಡಿದರೆ ರೆಸಿಸ್ಟರ್ ಮತ್ತು ಕೇಬಲ್ ಸೇರಿ ಒಂದೇ ಬಿಸಿಯಲ್ಲಿರುವ ಇನ್ನೊಂದು 50 ಓಮ್, ಅಷ್ಟೇ. ಕೇಬಲ್ ಎಷ್ಟು ನಾಯ್ಸ್ ನುಂಗುತ್ತದೋ ಅಷ್ಟನ್ನೇ ತನ್ನ ನಷ್ಟದ ಭಾಗದಿಂದ ಹುಟ್ಟಿಸಿ ತುಂಬುತ್ತದೆ. ಸಿಗ್ನಲ್‌ಗೆ ಈ ತುಂಬಿಕೊಡುವ ಭಾಗ್ಯ ಇಲ್ಲ, ಅದು 3 ಡಿಬಿ ಇಳಿದೇ ಇಳಿಯುತ್ತದೆ. ಹಾಗಾಗಿ ಕೇಬಲ್ 290 ಕೆಲ್ವಿನ್ ಸುಮಾರಿನಲ್ಲಿದ್ದರೆ ಅದರ ನಷ್ಟ ಎಷ್ಟೋ ನಾಯ್ಸ್ ಫಿಗರ್ ಅಷ್ಟೇ. F = 2 ಹಾಕಿ.

```
F = F1 + (F2 - 1)/G1 + (F3 - 1)/(G1*G2)

ಕೇಬಲ್ ಮೊದಲು:    2 + 0.26/0.5 + 3/(0.5*100) = 2.58 -> 4.1 dB
ಎಲ್‌ಎನ್‌ಎ ಮೊದಲು: 1.26 + 1/100 + 3/(100*0.5) = 1.33 -> 1.2 dB
```

ಬಿಡಿಭಾಗಗಳು ಅವೇ, ಗೇನ್ ಅಷ್ಟೇ. ಜಾಗ ಬದಲಿಸಿದ್ದಕ್ಕೆ ಸುಮಾರು 3 ಡಿಬಿ ವ್ಯತ್ಯಾಸ. ಎರಡನೇ ಸಾಲಿನಲ್ಲಿ ಕೇಬಲ್‌ನ ಪಾಲು ನೋಡಿ, ಬರೀ 0.01. ಎಲ್‌ಎನ್‌ಎ ದಾಟುವಾಗ ಸಿಗ್ನಲ್ ಮತ್ತು ಅದರ ಜೊತೆಗಿದ್ದ ನಾಯ್ಸ್ ಎರಡೂ 100 ಪಟ್ಟು ಎದ್ದು ನಿಂತಿರುತ್ತವೆ. ಆಮೇಲೆ ಕೇಬಲ್ ಸೇರಿಸುವ ಚೂರು ಅದರ ಮುಂದೆ ಲೆಕ್ಕಕ್ಕಿಲ್ಲ.

ನಿಮ್ಮ 2.92 ತಪ್ಪು ಅಂತ ಉತ್ತರ ನೋಡದೆಯೂ ಗೊತ್ತಾಗುತ್ತಿತ್ತು. ಮೊದಲ ಹಂತವೇ 3 ಡಿಬಿ ಇರುವಾಗ ಒಟ್ಟು ಅದಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಪರೀಕ್ಷೆಯಲ್ಲಿ ಇದೊಂದನ್ನು ತಪ್ಪದೆ ನೋಡಿಕೊಳ್ಳಿ.

ಸೌಂಡ್ ಸಿಸ್ಟಮ್ ಇಟ್ಟಿರುವವರು:
ನಮ್ಮ ಭಜನಾ ಮಂಡಳಿಯ ಆಂಪ್ಲಿಫೈಯರ್‌ನಲ್ಲೂ ಇದೇ ನಾಯ್ಸ್ ತೊಂದರೆ. ವಾಲ್ಯೂಮ್ ಏರಿಸಿದರೆ ಗುಂಯ್ ಅಂತ ಒಂದೇ ಸಮ ಕೂಗುತ್ತದೆ. ಮೊದಲ ಹಂತದ ಟ್ರಾನ್ಸಿಸ್ಟರ್ ಬದಲಿಸಿದರೆ ಹೋಗುತ್ತದಾ?

ಆರ್‌ಎಫ್ ಲ್ಯಾಬ್‌ನವರು:
ನಿಮ್ಮದು ಬೇರೆ ಸಾರ್. ಗುಂಯ್ ಅನ್ನುವುದು ಕರೆಂಟ್ ಲೈನ್‌ನ 50 ಅಥವಾ 100 ಹರ್ಟ್ಜ್ ಹಮ್. ಇಲ್ಲಿ ಮಾತಾಡುತ್ತಿರುವ ನಾಯ್ಸ್ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸುಯ್ ಅನ್ನುತ್ತದೆ. ಟ್ರಾನ್ಸಿಸ್ಟರ್ ಬದಲಿಸಬೇಡಿ. ಮೈಕ್ ಇನ್‌ಪುಟ್ ಶಾರ್ಟ್ ಮಾಡಿ ನೋಡಿ. ಹಮ್ ನಿಂತರೆ ಮೈಕ್ ವೈರ್‌ನ ಶೀಲ್ಡ್ ನೋಡಿ. ನಿಲ್ಲದಿದ್ದರೆ ಮೊದಲು ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಪರೀಕ್ಷಿಸಿ.

ವಿದ್ಯಾರ್ಥಿ:
ಮೇಡಂ, 4.1 ಬಂತು, ಥ್ಯಾಂಕ್ಸ್! ಶಾಟ್ ನಾಯ್ಸ್ ಮಾತ್ರ ಇನ್ನೂ ಸಿಗಲಿಲ್ಲ.

ಆರ್‌ಎಫ್ ಲ್ಯಾಬ್‌ನವರು:
ಅದು ಎಲ್‌ಎನ್‌ಎಯ ಆ 1 ಡಿಬಿಯ ಒಳಗೇ ಕೂತಿದೆ, ಬೇರೆಯಾಗಿ ಕಾಣುವುದಿಲ್ಲ. ಕಾಣಬೇಕು ಅಂದರೆ ಒಂದೇ ಟ್ರಾನ್ಸಿಸ್ಟರ್ ಬಿಚ್ಚಿ ನೋಡಬೇಕು. ಸಿಗ್ನಲ್ ಕೊಡುವ ಮೂಲದ ರೆಸಿಸ್ಟೆನ್ಸ್ 10 ಕಿಲೋ ಓಮ್ ಅಂದುಕೊಳ್ಳಿ, ಬೀಟಾ 100. ಮೂಲದ ಥರ್ಮಲ್ ನಾಯ್ಸ್ ರೂಟ್ ಹರ್ಟ್ಜ್‌ಗೆ 12.6 ನ್ಯಾನೊವೋಲ್ಟ್.

ಕಲೆಕ್ಟರ್ ಕರೆಂಟ್ 1 ಮಿಲಿಆಂಪ್ ಇಟ್ಟರೆ ಬೇಸ್‌ನಲ್ಲಿ 10 ಮೈಕ್ರೊಆಂಪ್ ಹರಿಯುತ್ತದೆ. ಎಲೆಕ್ಟ್ರಾನ್‌ಗಳು ಜಂಕ್ಷನ್ ದಾಟುವುದು ನಲ್ಲಿ ನೀರಿನ ಹಾಗೆ ಒಂದೇ ಸಮ ಅಲ್ಲ, ಬಿಡಿಬಿಡಿಯಾಗಿ. ಆ ಏರಿಳಿತವೇ ಶಾಟ್ ನಾಯ್ಸ್. ಬೇಸ್‌ನಲ್ಲಿ ಅದು 1.8 ಪಿಕೊಆಂಪ್. ಅದು 10 ಕಿಲೋ ಓಮ್ ಮೇಲೆ ಹರಿದು 18 ನ್ಯಾನೊವೋಲ್ಟ್ ಆಗುತ್ತದೆ. ಮೂಲದ ನಾಯ್ಸ್‌ಗಿಂತ ಇದೇ ಜಾಸ್ತಿ! ನಾಯ್ಸ್ ಫಿಗರ್ 4.8 ಡಿಬಿ ಹತ್ತಿರ ಹೋಗುತ್ತದೆ.

ಈಗ ಕಲೆಕ್ಟರ್ ಕರೆಂಟನ್ನು 0.1 ಮಿಲಿಆಂಪ್‌ಗೆ ಇಳಿಸಿ. ಬೇಸ್‌ನ ಪಾಲು 5.7 ನ್ಯಾನೊವೋಲ್ಟ್‌ಗೆ ಬೀಳುತ್ತದೆ. ಕಲೆಕ್ಟರ್‌ನ ಶಾಟ್ ನಾಯ್ಸ್ ಇನ್‌ಪುಟ್ ಕಡೆಗೆ ತಂದು ನೋಡಿದರೆ 0.5ರಿಂದ 1.5ಕ್ಕೆ ಏರುತ್ತದೆ, ಆದರೂ ಅದು ಸಣ್ಣದೇ. ವರ್ಗ ಮಾಡಿ ಕೂಡಿಸಿದರೆ ನಾಯ್ಸ್ ಫಿಗರ್ ಸುಮಾರು 0.8 ಡಿಬಿ. ಬೇಸ್‌ನ ಒಳ ರೆಸಿಸ್ಟೆನ್ಸ್ ಇಲ್ಲಿ ಸೇರಿಸಿಲ್ಲ. 10 ಕಿಲೋ ಮುಂದೆ ಅದು ದೊಡ್ಡದಲ್ಲ, ಆದರೆ 50 ಓಮ್ ಮೂಲಕ್ಕೆ ಅದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ.

ಹ್ಯಾಮ್ ರೇಡಿಯೊದವರು:
ನನ್ನ ಅನುಭವ ಉಲ್ಟಾ ಇದೆ ಮೇಡಂ. 7 ಮೆಗಾಹರ್ಟ್ಜ್‌ಗೆ ಅಂತ ಆಂಟೆನಾ ಬುಡದಲ್ಲೇ ಎಲ್‌ಎನ್‌ಎ ಕಟ್ಟಿದೆ. ಒಂದು ಸ್ಟೇಷನ್ ಕೂಡ ಹೆಚ್ಚಿಗೆ ಕೇಳಿಸಲಿಲ್ಲ. ರಾತ್ರಿ ಹೊತ್ತು ಜೋರು ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದು ಇನ್ನೂ ಹಾಳಾಯಿತು.

ಆರ್‌ಎಫ್ ಲ್ಯಾಬ್‌ನವರು:
ಅದು ಹಾಗೇ ಆಗಬೇಕು ಸಾರ್. ನಾಯ್ಸ್ ಫಿಗರ್ ಲೆಕ್ಕ ಇನ್‌ಪುಟ್‌ನಲ್ಲಿ 290 ಕೆಲ್ವಿನ್ ನಾಯ್ಸ್ ಇದೆ ಅಂತ ಹಿಡಿದು ಮಾಡುವುದು. 7 ಮೆಗಾಹರ್ಟ್ಜ್‌ನಲ್ಲಿ ಸಿಡಿಲು ಮತ್ತು ಮನೆಗಳ ಸ್ವಿಚಿಂಗ್ ಸಪ್ಲೈಗಳಿಂದ ಆಂಟೆನಾಗೆ ಬರುವ ನಾಯ್ಸೇ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿ 1 ಡಿಬಿಯೂ ಒಂದೇ, 6 ಡಿಬಿಯೂ ಒಂದೇ. ಗೇನ್ ತಾನಾಗಿ ಬದಲಿಸುವ ಎಜಿಸಿ ಆಫ್ ಮಾಡಿ, ಆಂಟೆನಾ ಬದಲು 50 ಓಮ್ ಡಮ್ಮಿ ಹಾಕಿ ನಾಯ್ಸ್ ಅಳೆಯಿರಿ. ಮತ್ತೆ ಆಂಟೆನಾ ಹಾಕಿ. ಆಗ 10 ಡಿಬಿಗಿಂತ ಮೇಲೆ ಏರಿದರೆ ಎಲ್‌ಎನ್‌ಎಯಿಂದ ಪ್ರಯೋಜನ ಇಲ್ಲ.

ಹ್ಯಾಮ್ ರೇಡಿಯೊದವರು:
ಮಾಡಿ ನೋಡಿದೆ. 7ರಲ್ಲಿ ಡಮ್ಮಿ ಹಾಕಿದ ತಕ್ಷಣ ಸುಯ್ ಅನ್ನುವುದೇ ಹೆಚ್ಚುಕಮ್ಮಿ ನಿಂತುಹೋಯಿತು. 145 ಮೆಗಾಹರ್ಟ್ಜ್‌ನಲ್ಲಿ ಬೆಳಿಗ್ಗೆ ಏನೂ ವ್ಯತ್ಯಾಸ ಇಲ್ಲ, ಸಂಜೆ ಬೀದಿ ದೀಪ ಹತ್ತಿದ ಮೇಲೆ ನಾಲ್ಕೈದು ಡಿಬಿ ಏರುತ್ತದೆ. ಅಲ್ಲಿಗೆ ಕಟ್ಟಲೋ ಬೇಡವೋ?

ಟವರ್ ಕೆಲಸದವರು:
ಬೆಳಿಗ್ಗೆ ಕೇಳುವುದಾದರೆ ಕಟ್ಟಿ ಸಾರ್. ಆದರೆ ಹತ್ತಿರ ಎಫ್‌ಎಂ ಟವರ್ ಇದ್ದರೆ ಅದನ್ನು ತಡೆಯುವ ಫಿಲ್ಟರ್ ಬೇಕು. ಆ ಫಿಲ್ಟರ್‌ಗೂ ನಷ್ಟ ಇರುತ್ತದೆ, ಅದೂ ಎಲ್‌ಎನ್‌ಎಗೆ ಮೊದಲೇ ಬರುತ್ತದೆ. ಮೇಡಂ ಹೇಳಿದ ಕೇಬಲ್ ಕತೆಯೇ ಮತ್ತೆ.