ಸಹಾಯ ಬೇಕು: ಒಂದೇ ಸ್ಕ್ರೀನ್‌ನಲ್ಲಿ ಹಿಂದೆ ಉಳಿದವರನ್ನು ಕರೆತರುವುದು ಹೇಗೆ?

ನಮಸ್ಕಾರ, ಉಡುಪಿಯಿಂದ. ಮಲ್ಪೆ ಬಂದರಿನ ದೋಣಿಯಿಂದ ದೋಣಿಗೆ ಜಿಗಿಯುವ, ಇಬ್ಬರು ಆಡುವ 2ಡಿ ಗೇಮ್ ಮಾಡುತ್ತಿದ್ದೇನೆ.

ಕ್ಯಾಮೆರಾ ಇಬ್ಬರ ನಡುವಿನ ಜಾಗವನ್ನು ಹಿಂಬಾಲಿಸುತ್ತದೆ. ದೂರ ಜಾಸ್ತಿಯಾದರೆ ಝೂಮ್ ಔಟ್. ಅದಕ್ಕೊಂದು ಮಿತಿ ಇಟ್ಟಿದ್ದೇನೆ, ಇಲ್ಲದಿದ್ದರೆ ಪಾತ್ರಗಳು ಟಿವಿಯಲ್ಲಿ ಇರುವೆಯಷ್ಟು ಕಾಣುತ್ತವೆ. ತಲೆನೋವು ಶುರುವಾಗುವುದು ಆ ಮಿತಿಯಲ್ಲೇ. ಅಂಚಿಗೆ ಅದೃಶ್ಯ ಗೋಡೆ ಇಟ್ಟರೆ ಮುಂದಿನವರು ಜಿಗಿತದ ಮಧ್ಯೆ ಅದಕ್ಕೆ ತಾಗಿ ನೀರಿಗೆ ಬೀಳುತ್ತಾರೆ. ಹಿಂದಿನವರನ್ನು 2 ಸೆಕೆಂಡಿನ ನಂತರ ಗುಳ್ಳೆಯಲ್ಲಿ ಎಳೆದು ತಂದರೆ, ನನ್ನ ತಂಗಿ ಕಂಟ್ರೋಲರ್ ಬದಿಗಿಟ್ಟು ಗೋಳಿಬಜೆ ತಿನ್ನುತ್ತಾಳೆ. ಲೆವೆಲ್ ಸುಮ್ನೆ ಮುಗಿದುಹೋಗುತ್ತದೆ!

ಸ್ಪ್ಲಿಟ್ ಸ್ಕ್ರೀನ್ ಬೇಡ, ಒಟ್ಟಿಗೆ ಕಾಣುವುದೇ ಮಜಾ ಅಲ್ವಾ. ಈಗ ಯೋಚಿಸುತ್ತಿರುವುದು: ಗುಳ್ಳೆಯೊಳಗಿನವರು ಬಟನ್ ಒತ್ತಿ ಹತ್ತಿರ ತೇಲಿ ಬರಬೇಕು, ಮುಂದಿನವರು ಮುಟ್ಟಿದರೆ ಮಾತ್ರ ಒಡೆಯಬೇಕು. ಇಬ್ಬರೂ ಗುಳ್ಳೆಯಲ್ಲಿದ್ದರೆ ಚೆಕ್‌ಪಾಯಿಂಟ್‌ಗೆ ವಾಪಸ್. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಮುಂದಿನವರಿಗೆ ಕಾಯುವುದು ಬೋರ್ ಆಗುತ್ತದಾ?