ಸಹಾಯ ಬೇಕು: ಪಂಪು-ಮೋಟ್ರು ಅಲೈನ್‌ಮೆಂಟ್ ನಿಲ್ತಿಲ್ಲ

ನಮ್ದು ಮದ್ದೂರು ಹತ್ರ, ಬಾವಿ ಮೇಲೆ 5 ಎಚ್‌ಪಿ ಪಂಪು, ಮೋಟ್ರು ಬೇರೆ, ನಡುವೆ ಕಪ್ಲಿಂಗು. ಅದುರುತ್ತೆ ಅಂತ ಮೋಟ್ರಿನ ನಾಕು ಕಾಲಿನ ಕೆಳಗೂ ರಬ್ಬರ್ ಪ್ಯಾಡ್ ಹಾಕಿ ಬೋಲ್ಟ್ ಬಿಗಿದ್ವಿ, ಕಪ್ಲಿಂಗ್ ಮೇಲೆ ಸ್ಕೇಲ್ ಇಟ್ರೆ ಸರಿಯಾಗೇ ಇತ್ತು, ಆದ್ರೆ ಒಂದು ಗಂಟೆ ಓಡಿಸಿ ನಿಲ್ಸಿ ನೋಡಿದ್ರೆ ಮೋಟ್ರು ಕಡೆ ಸ್ಕೇಲಿನ ಕೆಳಗೆ ಬೆಳಕು ಕಾಣುತ್ತೆ, ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ಇಳಿದಿದೆ. ಹದಿನೈದು ದಿನಕ್ಕೇ ಕಪ್ಲಿಂಗ್ ರಬ್ಬರ್ ಸವೆದು ಕೆಳಗೆಲ್ಲಾ ಕರಿ ಪುಡಿ. ಪ್ಯಾಡ್ ಅಮುಕ್ಕೊಳ್ಳೋದ್ರಿಂದ್ಲೇ ಹೀಗೆ ಅನ್ಸುತ್ತೆ.

ಈಗ ಪಂಪು ಮೋಟ್ರು ಎರಡನ್ನೂ ನೇರ ಕಬ್ಬಿಣದ ಪ್ಲೇಟಿಗೇ ಬಿಗಿದು, ಎತ್ತರಕ್ಕೆ ತಗಡಿನ ಶಿಮ್ ಕೊಟ್ಟು, ಪ್ಯಾಡನ್ನ ಪ್ಲೇಟಿನ ಕೆಳಗೆ ಹಾಕೋಣ ಅಂತಿದೀನಿ. ಪೈಪ್ ಫ್ಲಾಂಜ್ ಬಿಗಿದ್ಮೇಲೂ ಇನ್ನೊಂದ್ಸಲ ಸ್ಕೇಲ್ ಇಡ್ತೀನಿ. ಪ್ಲೇಟು 10 ಮಿಲಿಮೀಟರ್ ದಪ್ಪ ಸಾಕಾ, ಇಲ್ಲ ಬಳುಕುತ್ತಾ? ಮಾಡಿರೋರು ಬೇಗ ಹೇಳ್ರಣ್ಣ, ಕಬ್ಬು ಒಣಗ್ತಿದೆ.