ಫ್ರೆಂಚ್ ಲೆಕ್ಕಪತ್ರ: ಪ್ರೊದ್ವಿ, ಶಾರ್ಜ್ ಎರಡೂ ಸರಿ ಇದ್ದರೂ ಫೈಲ್ ವಾಪಸ್!

ರೇಖಾ_ಅನುವಾದ: ಮೂರನೇ ಸಲ ವಾಪಸ್ ಬಂತು. ಫ್ರೆಂಚ್ ಕಂಪನಿಯೊಂದರ ವಾರ್ಷಿಕ ಲೆಕ್ಕ, ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಟರ್ಮ್‌ಬೇಸ್‌ನಲ್ಲಿ ಪ್ರೊದ್ವಿಗೆ ಇನ್‌ಕಮ್, ಶಾರ್ಜ್‌ಗೆ ಎಕ್ಸ್‌ಪೆನ್ಸ್ ಅಂತಿದೆ. ಸರಿ ತಾನೇ? ಲಂಡನ್ನಿನ ರಿವ್ಯೂವರ್ 'ಸ್ಟಾಕ್ ಅರ್ಥವಾಗುತ್ತಿಲ್ಲ' ಅಂತ ಬರೆದು ಸುಮ್ಮನಾಗಿದ್ದಾರೆ. ಮೊತ್ತವೆಲ್ಲ ತಾಳೆಯಾಗುತ್ತಿದೆ, ಇನ್ನೇನು ಬೇಕಂತೆ?

ಶ್ಯಾಮ್‌_ಕೆ: ಟರ್ಮ್‌ಬೇಸ್‌ದೇ ಕಿತಾಪತಿ. 'ಪ್ರೊದ್ವಿ ಫಿನಿ' ಅಂದರೆ ತಯಾರಾದ ಮಾಲು, ಆದಾಯ ಅಲ್ಲ. ನಿಮ್ಮಲ್ಲಿ 'ಫಿನಿಶ್ಡ್ ಇನ್‌ಕಮ್' ಅಂತ ಆಗಿದೆಯಾ ನೋಡಿ.

ರೇಖಾ_ಅನುವಾದ: ಅಯ್ಯೋ, ಬ್ಯಾಲೆನ್ಸ್ ಶೀಟಿನಲ್ಲಿ ಹಾಗೇ ಇತ್ತು! ತಿದ್ದಿದೆ. ಆದರೆ ಅವರು ಕೇಳಿದ್ದು ಲಾಭ-ನಷ್ಟದ ಪಟ್ಟಿಯ ಬಗ್ಗೆ.

ಶ್ಯಾಮ್‌_ಕೆ: ಟರ್ಮ್‌ಬೇಸ್ ಪೂರ್ತಿ ಅಳಿಸಿ ಹೊಸದು ಮಾಡಿ.

ಎರಡು_ಪರದೆ: ನಾನು ಎಡಗಡೆ ಫ್ರೆಂಚ್ ಪಿಡಿಎಫ್, ಬಲಗಡೆ ಎಕ್ಸೆಲ್ ಇಟ್ಟುಕೊಳ್ಳುತ್ತೇನೆ. ಈಗ ಮೂರನೇ ಮಾನಿಟರ್ ಕೂಡ ತಂದೆ. ಕಣ್ತಪ್ಪೇ ಆಗಲ್ಲ.

ವಸುಧಾ_ಲೆಕ್ಕ: ರೇಖಾ ಅವರೇ, ಸ್ಟಾಕ್ ಎಷ್ಟು ಸಾಲಲ್ಲಿ ಬರುತ್ತದೆ? ಖಾತೆ ನಂಬರ್ 71 ಮತ್ತು 603 ಎರಡೂ ಇದೆಯಾ?

ರೇಖಾ_ಅನುವಾದ: ಹೌದು. ಪ್ರೊದ್ವಿ ಕೆಳಗೆ 40,000 ಯೂರೊ, ಶಾರ್ಜ್ ಕೆಳಗೆ ಕಚ್ಚಾ ಮಾಲಿನ ಸಾಲಿನಲ್ಲಿ 12,000. ಎರಡಕ್ಕೂ 'ಚೇಂಜ್ ಇನ್ ಇನ್ವೆಂಟರಿ' ಅಂತ ಹಾಕಿದ್ದೆ. ಎರಡೂ ಸ್ಟಾಕೇ ಅಲ್ವಾ?

ವಸುಧಾ_ಲೆಕ್ಕ: ಸಿಕ್ಕಿತು. 71 ತಯಾರಾದ ಮತ್ತು ಅರೆ ತಯಾರಾದ ಮಾಲು. ಅದನ್ನು ಮಾಡಲು ತಗುಲಿದ ಸಂಬಳ, ಸಾಮಾನು ಎಲ್ಲ ಶಾರ್ಜ್‌ನಲ್ಲಿ ಆಗಲೇ ಕೂತಿದೆ. ಮಾರದೆ ಗೋದಾಮಿನಲ್ಲಿ ಉಳಿದಷ್ಟನ್ನು ಪ್ರೊದ್ವಿ ಕಡೆ ಮತ್ತೆ ಸೇರಿಸುತ್ತಾರೆ. ಹಾಗಾಗಿ ಅಲ್ಲಿ 40,000 ಅಂದರೆ ಸ್ಟಾಕ್ ಏರಿದೆ. 603 ನಿಮ್ಮ ಕಚ್ಚಾ ಮಾಲಿನ ಸಾಲು, ಅಲ್ಲಿ ಉಲ್ಟಾ. ವರ್ಷದ ಮೊದಲಿನ ಸ್ಟಾಕಿನಿಂದ ಕೊನೆಯದನ್ನು ಕಳೆಯುತ್ತಾರೆ. 12,000 ಅಂದರೆ ಕಚ್ಚಾ ಮಾಲು ಇಳಿದಿದೆ. ಒಂದು ಏರಿಕೆ, ಒಂದು ಇಳಿಕೆ. ಎರಡಕ್ಕೂ ಒಂದೇ ಹೆಸರು, ಒಂದೇ ಚಿಹ್ನೆ. ಓದುವವರಿಗೆ ತಲೆ ಕೆಡದೆ ಇರುತ್ತಾ? ಒಂದರಲ್ಲಿ 'ಫಿನಿಶ್ಡ್ ಗೂಡ್ಸ್ ಮತ್ತು ವರ್ಕ್ ಇನ್ ಪ್ರೋಗ್ರೆಸ್', ಇನ್ನೊಂದರಲ್ಲಿ 'ರಾ ಮೆಟೀರಿಯಲ್ಸ್' ಅಂತ ಸೇರಿಸಿ. ಅಂಕಿ, ಚಿಹ್ನೆ ಮುಟ್ಟಬೇಡಿ.

ರೇಖಾ_ಅನುವಾದ: ಬ್ಯಾಲೆನ್ಸ್ ಶೀಟ್ ನೋಡಿದೆ. ತಯಾರಾದ ಮಾಲು 1,60,000ದಿಂದ 2,00,000ಕ್ಕೆ ಹೋಗಿದೆ, ಕಚ್ಚಾ ಮಾಲು 50,000ದಿಂದ 38,000ಕ್ಕೆ ಬಂದಿದೆ. ಕರೆಕ್ಟ್!

ವಸುಧಾ_ಲೆಕ್ಕ: ನಿಮ್ಮ ಪುಣ್ಯ. ಸ್ಟಾಕಿನ ಬೆಲೆ ಇಳಿದದ್ದಕ್ಕೆ ಪ್ರೊವಿಶನ್ ಇದ್ದಿದ್ದರೆ ನಿವ್ವಳ ಅಂಕಿಗಳು ಹೀಗೆ ಸಲೀಸಾಗಿ ಕೂಡುತ್ತಿರಲಿಲ್ಲ.

ಶ್ಯಾಮ್‌_ಕೆ: ಲಂಡನ್ ಅಂದಮೇಲೆ 'ಇನ್ವೆಂಟರಿ' ಯಾಕೆ? ಬ್ರಿಟಿಷ್ ಕಂಪನಿ ಕಾಯ್ದೆಯ ನಮೂನೆಯಲ್ಲಿ 'ಸ್ಟಾಕ್ಸ್', 'ಟರ್ನೋವರ್' ಅಂತಲೇ ಇದೆ.

ವಸುಧಾ_ಲೆಕ್ಕ: ಇದು ಫ್ರೆಂಚ್ ಕಂಪನಿ ಲೆಕ್ಕ, ಬ್ರಿಟಿಷ್ ನಮೂನೆಗೆ ಇಳಿಸುವುದು ಅನುವಾದಕರ ಕೆಲಸವಲ್ಲ.

ಶ್ಯಾಮ್‌_ಕೆ: ಪದ ಹೇಳಿದೆ, ನಮೂನೆ ಅಲ್ಲ.

ರೇಖಾ_ಅನುವಾದ: ಜಗಳ ಆಮೇಲೆ. ಪ್ರೊದ್ವಿ ಒಟ್ಟು ಮೊತ್ತಕ್ಕೆ 'ರೆವೆನ್ಯೂ' ಅಂತ ಹಾಕಿದ್ದೇನೆ. ಅದರಲ್ಲಿ ಈ 40,000 ಕೂಡ ಇದೆ. ಅದೂ ತಪ್ಪಾ?

ವಸುಧಾ_ಲೆಕ್ಕ: ಖಂಡಿತ. ಮಾರಾಟದ ಸಾಲೊಂದೇ ರೆವೆನ್ಯೂ. ಒಟ್ಟು ಮೊತ್ತ 'ಟೋಟಲ್ ಆಪರೇಟಿಂಗ್ ಇನ್‌ಕಮ್'.

ಎರಡು_ಪರದೆ: ಮಾನಿಟರ್ ಯಾವುದು ಅಂತ ಯಾರೂ ಕೇಳಲೇ ಇಲ್ಲ.